ಆಧಾರದ ಅಂಕಣವಿರುವ ಚಿತ್ರಪಠ್ಯ: ದಾನಿಗಳಿಗೆ ಲೆಕ್ಕ ಒಪ್ಪಿಸುವ ಕಿರುಚಿತ್ರದ ಬರವಣಿಗೆ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆಗೆ ಸೇರಿದವು. ಇಲ್ಲಿನ ಕೆರೆಗಳು ತುಂಬದ ವರ್ಷಗಳಲ್ಲಿ ಊರುಗಳು ಕೊಳವೆ ಬಾವಿಯ ನೀರನ್ನೇ ನೆಚ್ಚಿಕೊಳ್ಳುತ್ತವೆ, ಮತ್ತು ಮುಖ್ಯವಾಗಿ ಪಾವಗಡದ ಕಡೆ ಆ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನದಂಡವು ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸುತ್ತದೆ. ಇಂಥ ಊರಿನ ಶಾಲೆಯೊಂದಕ್ಕೆ ಮಳೆನೀರಿನ ತೊಟ್ಟಿ ಕಟ್ಟಿಸಿಕೊಟ್ಟ ಸಣ್ಣ ಸೇವಾಸಂಸ್ಥೆಯು ಹಣ ಕೊಟ್ಟವರಿಗೆ ಎರಡು ಮೂರು ನಿಮಿಷದ ವಿಡಿಯೊ ಕಳಿಸಬೇಕಾದಾಗ ಅದರ ಪಠ್ಯವನ್ನು ಹೇಗೆ ಬರೆಯಬೇಕು ಎಂಬುದೇ ಇಲ್ಲಿನ ವಿಷಯ.

ಚಿತ್ರಪಠ್ಯವೆಂದರೆ ತೆರೆಯ ಮೇಲೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಅಕ್ಕಪಕ್ಕದ ಎರಡು ಅಂಕಣಗಳಲ್ಲಿ ಬರೆದಿಟ್ಟ ಹಾಳೆ. ಲೆಕ್ಕ ಒಪ್ಪಿಸುವ ವಿಡಿಯೊಕ್ಕೆ ಇದರ ಜೊತೆಗೆ ಮೂರನೆಯ ಅಂಕಣವೊಂದು ಬೇಕು, ಅದನ್ನು ‘ಆಧಾರ’ ಎಂದು ಕರೆಯಬಹುದು. ಎಡಗಡೆಯ ಪ್ರತಿಯೊಂದು ಮಾತಿಗೂ ಎದುರಾಗಿ ಈ ಅಂಕಣದಲ್ಲಿ ವೋಚರ್ ಸಂಖ್ಯೆ, ಮೇಸ್ತ್ರಿಯ ರಸೀದಿ, ನೀರಿನ ಪರೀಕ್ಷಾ ವರದಿ ಅಥವಾ ಶಾಲೆಯ ಹಾಜರಿ ಪುಸ್ತಕದ ಪುಟವನ್ನು ನಮೂದಿಸಲಾಗುತ್ತದೆ. ಎದುರಿನ ಜಾಗ ಖಾಲಿ ಉಳಿದ ವಾಕ್ಯವನ್ನು, ಅದು ಎಷ್ಟೇ ಚೆನ್ನಾಗಿ ಕೇಳಿಸಲಿ, ಹೊಡೆದುಹಾಕಲಾಗುತ್ತದೆ. ಪ್ರೇಕ್ಷಕರು ಈ ಅಂಕಣವನ್ನು ಎಂದೂ ನೋಡುವುದಿಲ್ಲವಾದರೂ ವಿಡಿಯೊದ ದನಿಯನ್ನು ನಿರ್ಧರಿಸುವುದು ಅದೇ.

ಒಂದು ಮಾದರಿಯನ್ನು ಕಲ್ಪಿಸಿಕೊಂಡರೆ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಅರವತ್ತು ಮಕ್ಕಳಿರುವ ಶಾಲೆ, 120 ಚದರ ಮೀಟರ್ ವಿಸ್ತಾರದ ತಾರಸಿ, ಹತ್ತು ಸಾವಿರ ಲೀಟರಿನ ತೊಟ್ಟಿ, ಬಂದ ದೇಣಿಗೆ 2,40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗಿ, ಆವಿಯಾಗಿಯೂ ಚೆಲ್ಲಿಯೂ ಐದರಲ್ಲೊಂದು ಪಾಲು ಕಳೆದುಹೋದರೆ, ಆ ತಾರಸಿಯಿಂದ 48,000 ಲೀಟರ್ ಇಳಿಯಬೇಕು. ಪಠ್ಯ ಬರೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ‘ವರ್ಷಕ್ಕೆ 48,000 ಲೀಟರ್ ಶುದ್ಧ ನೀರು’ ಎಂಬ ಸಾಲು ಲೆಕ್ಕಕ್ಕೆ ಸರಿಯೆಂದು ತೋರಿದರೂ ತೊಟ್ಟಿ ಹಿಡಿಯುವುದು ಹತ್ತು ಸಾವಿರ ಮಾತ್ರ. ಮಳೆಯ ಬಹುಪಾಲು ಕೆಲವೇ ವಾರಗಳಲ್ಲಿ ಸುರಿದರೆ ಉಳಿದದ್ದು ತುಂಬಿ ಹೊರಗೆ ಹರಿಯುತ್ತದೆ. ಮಗುವಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ ಅರವತ್ತು ಮಕ್ಕಳಿಗೆ 90 ಲೀಟರ್ ಬೇಕು, ಆದ್ದರಿಂದ ತುಂಬಿದ ತೊಟ್ಟಿ ಸುಮಾರು 110 ಶಾಲಾ ದಿನಗಳಿಗೆ ಸಾಕಾಗುತ್ತದೆ, ಆಮೇಲೆ ಮಳೆ ಬಾರದಿದ್ದರೆ ಬೇಸಗೆಯ ಹೊತ್ತಿಗೆ ಅದು ಬತ್ತುತ್ತದೆ. ಹಾಗಾಗಿ ಪಠ್ಯದ ಸಾಲು ಹೀಗಿರಬೇಕಾಗುತ್ತದೆ: ‘ತೊಟ್ಟಿ ಒಮ್ಮೆ ತುಂಬಿದರೆ ಸುಮಾರು 110 ಶಾಲಾ ದಿನಗಳ ಕುಡಿಯುವ ನೀರು ಸಿಗುತ್ತದೆ. ಬೇಸಗೆಯ ಕೊನೆಯ ವಾರಗಳಿಗೆ ಇದು ಸಾಲದು; ಆಗ ಶಾಲೆ ಟ್ಯಾಂಕರ್ ನೀರನ್ನು ತರಿಸುತ್ತದೆ.’ ಎರಡನೆಯ ವಾಕ್ಯವನ್ನು ಕತ್ತರಿಸಬೇಕೆಂಬ ಒತ್ತಾಯ ಸಂಸ್ಥೆಯ ಒಳಗಿನಿಂದಲೇ ಬರುವುದುಂಟು, ಆದರೆ ಮುಂದಿನ ಏಪ್ರಿಲಿನಲ್ಲಿ ಶಾಲೆಗೆ ಭೇಟಿ ಕೊಟ್ಟ ದಾನಿಯು ಖಾಲಿ ತೊಟ್ಟಿಯನ್ನು ಕಂಡಾಗ ಸಂಸ್ಥೆಯನ್ನು ಕಾಪಾಡುವುದು ಆ ವಾಕ್ಯವೇ.

‘ಶುದ್ಧ’ ಎಂಬ ಪದಕ್ಕೂ ಆಧಾರದ ಅಂಕಣದಲ್ಲಿ ಪರೀಕ್ಷಾ ವರದಿ ಬೇಕು. ಮಳೆನೀರಿನಲ್ಲಿ ಫ್ಲೋರೈಡ್ ಬಹಳ ಕಡಿಮೆ ಎಂಬುದು ನಿಜ, ಆದರೆ ತಾರಸಿಯ ಮೇಲಿನ ದೂಳೂ ಹಕ್ಕಿಯ ಹಿಕ್ಕೆಯೂ ಅದರೊಡನೆ ಇಳಿಯುತ್ತವೆ. ಈ ಕಾರಣಕ್ಕೆ ಮೊದಲ ಮಳೆಯ ನೀರನ್ನು ಬೇರೆ ಪೈಪಿನಿಂದ ಹೊರಬಿಟ್ಟು, ಮರಳು ಜಲ್ಲಿಗಳ ಶೋಧಕದ ಮೂಲಕ ಉಳಿದದ್ದನ್ನು ತೊಟ್ಟಿಗೆ ಬಿಡುತ್ತಾರೆ. ಆಮೇಲೆ ತೊಟ್ಟಿಯ ನೀರನ್ನು H2S ಪರೀಕ್ಷೆಯ ಪುಟ್ಟ ಸೀಸೆಯಲ್ಲಿ ತುಂಬಿ ಒಂದೆರಡು ದಿನ ಇಟ್ಟಾಗ ಅದರೊಳಗಿನ ದ್ರಾವಣ ಕಪ್ಪಾದರೆ ಮಲಮೂಲದ ಸೂಕ್ಷ್ಮಜೀವಿಗಳಿರುವ ಶಂಕೆಯಿದೆ ಎಂದರ್ಥ. ಸೀಸೆ ಕಪ್ಪಾಗಿದ್ದರೆ ಪಠ್ಯವು ‘ಫ್ಲೋರೈಡ್ ಮಿತಿಯೊಳಗಿದೆ, ನೀರನ್ನು ಕ್ಲೋರಿನ್ ಹಾಕಿ ಅಥವಾ ಕುದಿಸಿ ಕೊಡಲಾಗುತ್ತಿದೆ’ ಎಂದಷ್ಟೇ ಹೇಳಬಲ್ಲದು, ಅದೂ ಹಾಗೆ ನಿಜವಾಗಿ ಮಾಡುತ್ತಿದ್ದರೆ ಮಾತ್ರ.

ಹೆಚ್ಚಿನ ಎಚ್ಚರ ಬೇಕಾದುದು ಮಕ್ಕಳ ಮುಖ ತೋರಿಸುವ ಭಾಗದಲ್ಲಿ. ಫ್ಲೋರೈಡ್ ಹೆಚ್ಚಾದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಅಥವಾ ಬಿಳಿ ಕಲೆ ಮೂಡುತ್ತದೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಶಾಶ್ವತ ಹಲ್ಲುಗಳ ಹೊರಪದರ ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಬಹುಮಟ್ಟಿಗೆ ಎಂಟು ವರ್ಷದೊಳಗೆ, ಈ ಹಾನಿ ಆಗುತ್ತದೆ, ಆಮೇಲೆ ಒಳ್ಳೆಯ ನೀರು ಕುಡಿದ ಮಾತ್ರಕ್ಕೆ ಕಲೆ ಹೋಗುವುದಿಲ್ಲ. ಆದುದರಿಂದ ತೊಟ್ಟಿ ಕಟ್ಟಿದ ವರ್ಷವೇ ಏಳನೆಯ ತರಗತಿಯ ಹುಡುಗಿಯ ಕಲೆಯಿಲ್ಲದ ನಗುವನ್ನು ತೋರಿಸಿ ‘ನಿಮ್ಮ ಹಣದಿಂದ ಈ ನಗು’ ಎಂದು ಬರೆಯುವುದು ವೈದ್ಯಶಾಸ್ತ್ರದ ದೃಷ್ಟಿಯಿಂದಲೇ ಸುಳ್ಳು. ಕಲೆಯಿರುವ ಹಲ್ಲನ್ನು ಹತ್ತಿರದಿಂದ ಹಿಡಿದು ದುಃಖದ ಸಂಗೀತ ಸೇರಿಸುವುದಂತೂ ಆ ಮಗುವಿಗೆ ಮಾಡುವ ಅನ್ಯಾಯ, ಏಕೆಂದರೆ ಊರಿನವರೆಲ್ಲರ ಮೊಬೈಲಿಗೂ ಆ ವಿಡಿಯೊ ಬರುತ್ತದೆ, ಅವಳ ಹೆಸರು ಹೇಳದಿದ್ದರೂ ಅವಳು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮಕ್ಕಳು ಮನೆಯಲ್ಲಿ ಕೊಳವೆ ಬಾವಿಯ ನೀರನ್ನೇ ಕುಡಿಯುತ್ತಿದ್ದರೆ ‘ಅರವತ್ತು ಮಕ್ಕಳನ್ನು ಫ್ಲೋರೋಸಿಸ್‌ನಿಂದ ಪಾರುಮಾಡಿದೆವು’ ಎಂಬ ಮಾತಿಗೂ ನೆಲೆಯಿಲ್ಲ. ಶಾಲೆಯ ಹೊತ್ತಿನಲ್ಲಿ ಅವರು ಕುಡಿಯುವ ನೀರು ಬದಲಾಗಿದೆ ಎಂಬುದು ಮಾತ್ರ ಹೇಳಬಹುದಾದ ಸತ್ಯ. ಅದು ಸಣ್ಣ ಸತ್ಯವೇನೂ ಅಲ್ಲ.

ಖರ್ಚಿನ ಭಾಗವನ್ನು ಬರೆಯುವುದು ಸುಲಭ, ಒಂದು ಅಂಶವನ್ನು ಮುಚ್ಚಿಡದಿದ್ದರೆ. ಮೇಲಿನ ಕಲ್ಪಿತ ಮೊತ್ತದಲ್ಲಿ ತೊಟ್ಟಿಯ ಕಟ್ಟಡಕ್ಕೆ 1,48,000, ಪೈಪು ಮತ್ತು ಶೋಧಕಕ್ಕೆ 46,000, ನೀರಿನ ಪರೀಕ್ಷೆಗೆ 6,000, ಓಡಾಟ ಹಾಗೂ ಲೆಕ್ಕ ತಪಾಸಣೆಗೆ 18,000 ರೂಪಾಯಿ ಖರ್ಚಾಗಿ 22,000 ರೂಪಾಯಿ ದುರಸ್ತಿಗೆಂದು ಬ್ಯಾಂಕಿನಲ್ಲಿ ಉಳಿದಿದ್ದರೆ, ಐದನ್ನೂ ಅದೇ ಕ್ರಮದಲ್ಲಿ, ಅಂಕಿಗಳು ತೆರೆಯ ಮೇಲೆ ಓದಲು ಸಿಗುವಷ್ಟು ಹೊತ್ತು ತೋರಿಸಬೇಕು. ಓಡಾಟ ಮತ್ತು ತಪಾಸಣೆಯ ಖರ್ಚನ್ನು ‘ಇತರೆ’ ಎಂಬ ಹೆಸರಿನಡಿ ಅಡಗಿಸುವ ರೂಢಿಯೇ ದಾನಿಗಳಲ್ಲಿ ಅನುಮಾನ ಹುಟ್ಟಿಸುತ್ತದೆ. ಲೆಕ್ಕಪರಿಶೋಧಕರ ಶುಲ್ಕವೂ ಪಾವಗಡಕ್ಕೆ ಹೋಗಿಬರುವ ಬಸ್ಸಿನ ಖರ್ಚೂ ಕೆಲಸದ ಭಾಗವೇ ಎಂದು ನೇರವಾಗಿ ಹೇಳುವುದು ಉತ್ತಮ. ಗ್ರಾಮ ಪಂಚಾಯಿತಿ ಮರಳು ಕೊಟ್ಟಿದ್ದರೆ, ಪೋಷಕರು ಒಂದು ಭಾನುವಾರ ಪಾಯ ತೋಡಿದ್ದರೆ, ಅವನ್ನು ದೇಣಿಗೆಯ ಫಲವೆಂದು ಎಣಿಸದೆ ಅವರವರ ಹೆಸರಿನಲ್ಲಿ ಬಿಡಬೇಕಾಗುತ್ತದೆ.

ಚಿತ್ರಗಳ ವಿಷಯದಲ್ಲಿ ಒಂದೇ ನಿಯಮ ಸಾಕು: ಪ್ರತಿ ದೃಶ್ಯದ ಕೆಳಗೆ ಊರು ಮತ್ತು ತಿಂಗಳು ಕಾಣಬೇಕು. ಹಾಗೆ ಮಾಡಿದಾಗ ಬೇರೆಲ್ಲಿಯದೋ ಬಿರುಕುಬಿಟ್ಟ ನೆಲವನ್ನು ಸಿರಾದ ಕೆರೆಯ ಅಂಗಳವೆಂದು ತೋರಿಸಲಾಗದು, ನವೆಂಬರಿನ ತುಂಬಿದ ತೊಟ್ಟಿಯನ್ನು ಮಾರ್ಚಿನದೆಂದು ನಂಬಿಸಲೂ ಆಗದು.

ಧ್ವನಿಮುದ್ರಣಕ್ಕೆ ಮುನ್ನ ಪಠ್ಯವನ್ನು ಮುಖ್ಯ ಶಿಕ್ಷಕರು, ಮೇಸ್ತ್ರಿ ಮತ್ತು ಕೆಲವು ಪೋಷಕರ ಮುಂದೆ ಗಟ್ಟಿಯಾಗಿ ಓದುವುದು ಕೊನೆಯ ಹಂತ. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದ ಹಲವು ಮನೆಗಳಲ್ಲಿ ತೆಲುಗು ಮಾತಾಡುವುದರಿಂದ ಅಲ್ಲಿ ಅದನ್ನು ತೆಲುಗಿನಲ್ಲಿಯೂ ಹೇಳಬೇಕು. ಶೋಧಕದ ಮರಳನ್ನು ಬದಲಿಸಿ ಎಷ್ಟು ಕಾಲವಾಯಿತು, ನಲ್ಲಿ ಯಾವಾಗ ಕೆಟ್ಟಿತು, ಯಾರ ಮಗುವನ್ನು ತೋರಿಸಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ತಲೆ ಅಲ್ಲಾಡಿಸಿದ ಸಾಲುಗಳನ್ನು ಗುರುತುಹಾಕಿ, ಆಧಾರದ ಅಂಕಣವನ್ನು ಮತ್ತೊಮ್ಮೆ ತೆರೆದು, ತಿದ್ದಿದ ಪ್ರತಿಯನ್ನಷ್ಟೇ ಧ್ವನಿಮುದ್ರಣಕ್ಕೆ ಕಳಿಸಲಾಗುತ್ತದೆ.