ಕಿವಿಯ ನೇರ ಅಂಚು

ಕೊಪ್ಪಳ ಜಿಲ್ಲೆಯ ಸಾಣಾಪುರದಂಥ ಊರಲ್ಲಿ ಬೆಕ್ಕಿಗೆ ಒಬ್ಬರೇ ಯಜಮಾನರಿರುವುದು ಕಡಿಮೆ. ಸುತ್ತ ಭತ್ತದ ಗದ್ದೆ, ಹಾಗಾಗಿ ಇಲಿ. ಕೆರೆಯ ಕಡೆ ಹೋಮ್‌ಸ್ಟೇ, ಹೋಟೆಲು, ಹಾಗಾಗಿ ಮಿಕ್ಕ ಅನ್ನ. ಬೆಳಿಗ್ಗೆ ಒಂದು ಹಿತ್ತಲಲ್ಲಿ ಹಾಲು ಕುಡಿದ ಬೆಕ್ಕು ಸಂಜೆಗೆ ಇನ್ನೊಬ್ಬರ ಅಡುಗೆಮನೆ ಬಾಗಿಲಲ್ಲಿರುತ್ತದೆ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಯಾರನ್ನು ಕೇಳುವುದು? ಈ ಪ್ರಶ್ನೆಗಾಗಿಯೇ ಬೀದಿ ಬೆಕ್ಕಿನ ಒಂದು ಕಿವಿಯ ತುದಿ ತೆಗೆಯುವ ಪದ್ಧತಿ ಬಂದಿದೆ. ಆ ಗುರುತನ್ನು ದಿನಾ ಕಾಣುವವರು ವೈದ್ಯರಲ್ಲ, ಅನ್ನ ಹಾಕುವವರು. ಅವರಿಗೆ ಅದನ್ನು ಓದಲು ಬಾರದಿದ್ದರೆ ಗುರುತು ಇದ್ದೂ ಇಲ್ಲದಂತೆ.

ಗಂಡು ಬೆಕ್ಕಿಗೆ ಬೀಜ ತೆಗೆದದ್ದು ಬಾಲ ಎತ್ತಿದಾಗ ತಿಳಿದೀತು. ಹೆಣ್ಣಿನ ವಿಷಯ ಹಾಗಲ್ಲ. ಹೊಟ್ಟೆಯ ಗಾಯ ಮಾಯ್ದು ಕೂದಲು ಬೆಳೆದ ಮೇಲೆ ಕೈಗೆ ಸಿಕ್ಕ ಬೆಕ್ಕಿನಲ್ಲೇ ಕಲೆ ಹುಡುಕುವುದು ಕಷ್ಟ. ಮುಟ್ಟಗೊಡದ ಬೆಕ್ಕಿನಲ್ಲಿ ಸಾಧ್ಯವೇ ಇಲ್ಲ. ಗುರುತಿಲ್ಲದಿದ್ದರೆ ಅದೇ ಬೆಕ್ಕು ಮತ್ತೆ ಬೋನಿಗೆ ಬಿದ್ದು, ಮತ್ತೆ ಅರಿವಳಿಕೆ ಪಡೆದು, ಹೊಟ್ಟೆ ಕೊಯ್ದ ಮೇಲೆ ಗರ್ಭಕೋಶವೇ ಇಲ್ಲವೆಂದು ತಿಳಿಯುವ ಸಂಭವವಿದೆ. ಇದನ್ನು ತಪ್ಪಿಸಲು, ಶಸ್ತ್ರಚಿಕಿತ್ಸೆಗೆ ಕೊಟ್ಟ ಅರಿವಳಿಕೆಯಲ್ಲಿಯೇ, ದೊಡ್ಡ ಬೆಕ್ಕಾದರೆ ಸುಮಾರು 1 ಸೆಂ.ಮೀ., ಮರಿಯಾದರೆ ಇನ್ನೂ ಕಡಿಮೆ, ಕಿವಿಯ ತುದಿಯನ್ನು ಅಡ್ಡಲಾಗಿ ನೇರಕ್ಕೆ ಕತ್ತರಿಸುತ್ತಾರೆ. ಕತ್ತರಿಸುವ ಜಾಗಕ್ಕೆ ಮೊದಲು ಇಕ್ಕಳ ಹಾಕಿ ಬಿಗಿಹಿಡಿಯುವುದರಿಂದ ರಕ್ತ ಸೋರುವುದು ಕಡಿಮೆ, ಅಂಚೂ ನೇರವಾಗುತ್ತದೆ. ಹಲವು ಕಡೆ ಎಡಗಿವಿಯೇ ರೂಢಿ. ಆದರೂ ಎರಡೂ ಕಿವಿ ನೋಡುವುದು ಒಳ್ಳೆಯದು.

ಮೂಕಪ್ರಾಣಿಯ ಕಿವಿ ಕುಯ್ಯುವುದು ಕ್ರೌರ್ಯವಲ್ಲವೇ, ಕೊರಳಪಟ್ಟಿ ಕಟ್ಟಿದರೆ ಸಾಲದೇ ಎಂಬ ಮಾತು ಕೇಳಿಬರುತ್ತದೆ. ಮನಸ್ಸು ನೋಯುವುದು ಸಹಜ. ಆ ಆಕ್ಷೇಪವನ್ನು ತಳ್ಳಿಹಾಕಬಾರದು. ಆದರೆ ಯಾರೂ ಹಿಡಿದು ಸಡಿಲಿಸಲಾಗದ ಬೆಕ್ಕಿನ ಪಟ್ಟಿ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ, ಬೆಳೆಯುವ ಕೊರಳನ್ನು ಬಿಗಿಯುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಚರ್ಮದಡಿಯ ಚಿಪ್ ಓದಲು ಯಂತ್ರವನ್ನು ಮೈಹತ್ತಿರ ಹಿಡಿಯಬೇಕು. ಹಚ್ಚೆ ದೂರದಿಂದ ಕಾಣದು. ಎಚ್ಚರವಿಲ್ಲದಾಗ ಒಮ್ಮೆ ಮಾಡಿದ ಸಣ್ಣ ಗಾಯ, ಎಚ್ಚರಾದ ಮೇಲೆ ಒಂದಿಷ್ಟು ನೋವೇ ಕೊಟ್ಟರೂ, ಎರಡನೇ ಸಲ ಹೊಟ್ಟೆ ಕೊಯ್ಯುವುದಕ್ಕಿಂತ ಎಷ್ಟೋ ಹಗುರ.

ಕಿವಿಯಲ್ಲಿ ಕೊರತೆ ಕಂಡಾಕ್ಷಣ ಅದೇ ಗುರುತೆಂದು ತಿಳಿಯುವಂತಿಲ್ಲ. ಜಗಳದಲ್ಲಿ ಹರಿದ ಕಿವಿ ಗರಗಸದಂತೆ ಚೂರುಚೂರಾಗಿರುತ್ತದೆ, ಇಲ್ಲವೇ ಪಕ್ಕದಲ್ಲಿ ಸೀಳಿರುತ್ತದೆ. ವೈದ್ಯರು ಕತ್ತರಿಸಿದ್ದು ಮಾಯ್ದ ಮೇಲೆ ಒಣಗಿದ, ನುಣುಪಾದ, ನೇರ ಅಂಚು. ಕಿವಿ ಮೊಂಡಾಗಿ ಕಾಣುತ್ತದೆ. ಕೊಪ್ಪಳದ ಬಿಸಿಲಲ್ಲಿ ಇನ್ನೊಂದನ್ನೂ ನೋಡಬೇಕು: ಬಿಳಿ ಕಿವಿಯ ತುದಿಯಲ್ಲಿ ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಹುಣ್ಣಾಗುತ್ತಿದ್ದರೆ ಅದು ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಇರಬಹುದು. ಕಿವಿಯಂಚಿನಿಂದ ಶುರುವಾಗಿ ಮುಖಕ್ಕೆ ಹರಡುವ ದಪ್ಪ ಹಕ್ಕಳೆ ಕಜ್ಜಿಯ ಲಕ್ಷಣ. ಎರಡಕ್ಕೂ ಪಶುವೈದ್ಯರೇ ಬೇಕು.

ಒಂದು ಅಂಗಳಕ್ಕೆ ಸಂಜೆ ಐದು ಬೆಕ್ಕು ಬರುತ್ತವೆ ಎಂದುಕೊಳ್ಳೋಣ. ಎರಡರ ಕಿವಿ ಮೊಂಡು, ಮೂರರದು ಚೂಪು. ಫೋನಿನಲ್ಲಿ ಎರಡೂ ಕಿವಿ ಕಾಣುವಂತೆ ಒಂದೊಂದರ ಚಿತ್ರ ತೆಗೆದಿಟ್ಟರೆ, ಹಿಡಿಯಲು ಬಂದವರಿಗೆ ಬೇಕಾದವು ಮೂರೇ ಎಂದು ತಿಳಿಯುತ್ತದೆ. ಮೊಂಡುಕಿವಿಯದು ಬೋನಿಗೆ ಬಿದ್ದರೆ ಅಲ್ಲೇ ಬಿಟ್ಟುಬಿಡಬಹುದು. ಮುಂದಿನ ತಿಂಗಳು ಆರನೆಯದು, ಚೂಪುಕಿವಿಯದು ಬಂದರೆ ಹೊಸದೆಂದು ಅಂದೇ ಗೊತ್ತಾಗುತ್ತದೆ. ತಡಮಾಡುವಂತಿಲ್ಲ: ಹೆಣ್ಣು ಮರಿ 4–5 ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭ ಸುಮಾರು 9 ವಾರ, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದುಂಟು. ಆದರೆ ಆ ಮೂರರಲ್ಲಿ ಒಂದರ ಮೊಲೆ ತುಂಬಿ, ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಬಂಡೆಯ ಸಂದಿಯಲ್ಲಿ ಮರಿಗಳಿವೆ ಎಂದರ್ಥ. ಆ ಮಾತನ್ನು ಬೋನು ಇಡುವ ಮೊದಲೇ ಹೇಳಬೇಕು, ತಾಯಿ ದಿನಗಟ್ಟಲೆ ಬರದಿದ್ದರೆ ಮರಿಗಳು ಉಳಿಯವು.

ಗುರುತು ಹೇಳದ ಸಂಗತಿಗಳೂ ಇವೆ. ಸಾಕಿದ ಬೆಕ್ಕಿಗೆ ಕಿವಿ ಕತ್ತರಿಸದೆಯೇ ಶಸ್ತ್ರಚಿಕಿತ್ಸೆ ಮಾಡಿಸಿರಬಹುದು; ಚೂಪುಕಿವಿ ಅನುಮಾನಕ್ಕಷ್ಟೇ ಆಧಾರ. ಗಂಡು ಬೆಕ್ಕು ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಗಬ್ಬ ಕಟ್ಟಿಸಬಲ್ಲದು. ಮೊಂಡುಕಿವಿಯ ಹೆಣ್ಣು ಬೆದೆಗೆ ಬಂದಂತೆ ಕೂಗಿ ನೆಲಕ್ಕೆ ಉರುಳಾಡಿದರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಗುರುತು ರೇಬೀಸ್ ಲಸಿಕೆಯ ಚೀಟಿಯಲ್ಲ. ಶಸ್ತ್ರಚಿಕಿತ್ಸೆಯ ದಿನ ಲಸಿಕೆ ಹಾಕಿದ್ದರೂ ಅದು ಯಾವ ವರ್ಷವೆಂದು ಕಿವಿ ಹೇಳದು. ಅನ್ನ ಹಾಕುವಾಗ ಮೊಂಡುಕಿವಿಯ ಬೆಕ್ಕೇ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.