ಕೂದಲೆಳೆಯ ಸಂದಿಯಲ್ಲಿ ಹುಟ್ಟುವ ಬಿಸಿ

ಮೆಕ್ಕೆಜೋಳದ ಕಣದಲ್ಲಿ ಗಂಟೆಗಟ್ಟಲೆ ನಿಂತು ದುಡಿಯುವ ಟ್ರ್ಯಾಕ್ಟರಿನ ಕ್ರ್ಯಾಂಕಿನೊಳಗೆ ಎಣ್ಣೆ ಎಷ್ಟು ಕಾಯುತ್ತದೆ? ಎರಡು ತಗಡುಗಳ ನಡುವಿನ ಸರಳ ಲೆಕ್ಕ ಅರ್ಧ ಉತ್ತರ ಹೇಳುತ್ತದೆ. ಎಂಜಿನ್ ಉಳಿಸುವುದು ಉಳಿದರ್ಧ.

ಮಳೆಗಾಲ ಮುಗಿದು ಮೆಕ್ಕೆಜೋಳದ ತೆನೆ ಒಣಗಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಣಗಳಲ್ಲಿ ಟ್ರ್ಯಾಕ್ಟರಿಗೆ ಬೇರೆಯದೇ ಕೆಲಸ. ಉಳುಮೆಯಲ್ಲಾದರೆ ಗದ್ದೆಯ ತುದಿ ಬಂದಾಗ ತಿರುಗಬೇಕು, ಗೇರ್ ಬದಲಿಸಬೇಕು, ಎಂಜಿನ್ನಿಗೆ ನಡುನಡುವೆ ಉಸಿರಾಡಲು ಬಿಡುವು. ತೆನೆ ಬಿಡಿಸುವ ಮಷಿನ್ನಿಗೆ ಕಟ್ಟಿದಾಗ ಹಾಗಲ್ಲ. ಟ್ರ್ಯಾಕ್ಟರ್ ನಿಂತಲ್ಲೇ ನಿಂತಿರುತ್ತದೆ. ಹಿಂದಿನ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುವಂತೆ ಎಂಜಿನ್ನಿನ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟು ಗಂಟೆಗಟ್ಟಲೆ ಓಡಿಸುತ್ತಾರೆ. ಓಡುವ ಗಾಳಿಯಿಲ್ಲ, ಹಾರಿದ ರವದಿ ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಸುಗ್ಗಿಯ ನಡುವೆ ಎಂಜಿನ್ನಿನ ಹೊಟ್ಟೆಯೊಳಗಿಂದ ಕಟಕಟ ಸದ್ದು ಬಂದರೆ, ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: ‘ಮೆಟಲ್ ಹೋಗಿದೆ.’

ಮೆಟಲ್ ಎಂದರೆ ಕ್ರ್ಯಾಂಕ್ ಶಾಫ್ಟ್ ಕೂರುವ ತೆಳು ಬೇರಿಂಗ್ ಚಿಪ್ಪುಗಳು. ಇವುಗಳಲ್ಲಿ ಗುಂಡುಗಳಿಲ್ಲ, ರೋಲರುಗಳಿಲ್ಲ. ನುಣುಪಾದ ಉಕ್ಕಿನ ಜರ್ನಲ್ ನುಣುಪಾದ ಚಿಪ್ಪಿನೊಳಗೆ ತಿರುಗುತ್ತದೆ, ನಡುವೆ ಇರುವುದು ಎಣ್ಣೆ ಮಾತ್ರ. ಸರಿಯಾಗಿ ಓಡುವ ಎಂಜಿನ್ನಿನಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. 1883ರಲ್ಲಿ ಬ್ರಿಟನ್ನಿನ ಬೀಚಂ ಟವರ್ ರೈಲುಗಾಡಿಗಳ ಬೇರಿಂಗ್ ಪರೀಕ್ಷಿಸುವಾಗ ಇದು ಅನಿರೀಕ್ಷಿತವಾಗಿ ಬಯಲಾಯಿತು. ಅವನು ಬೇರಿಂಗಿನ ತಲೆಗೆ ಕೊರೆದ ತೂತಿನಿಂದ ಎಣ್ಣೆ ಉಕ್ಕಿ ಬಂತು. ಬಿರಡೆ ಬಡಿದರೆ ಎಣ್ಣೆಯೇ ಅದನ್ನು ಹೊರಕ್ಕೆ ತಳ್ಳಿತು. ಹೊರೆಯನ್ನು ಹೊತ್ತಿದ್ದು ಎಣ್ಣೆಯ ಪದರ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಕೊಟ್ಟ. ಇದಕ್ಕೂ ಮೊದಲೇ, ಟವರನ ಪ್ರಯೋಗದ ವರ್ಷವೇ, ರಷ್ಯಾದ ನಿಕೊಲಾಯ್ ಪೆಟ್ರೋವ್ ಬೇರಿಂಗಿನ ಘರ್ಷಣೆಯನ್ನು ಎಣ್ಣೆಯ ಪದರದೊಳಗಿನ ಜಾರಾಟವೆಂದೇ ಲೆಕ್ಕ ಹಾಕಿದ್ದ. ನಾವು ಹಿಡಿಯುವುದು ಪೆಟ್ರೋವನ ದಾರಿ.

ದುಂಡನ್ನು ಚಪ್ಪಟೆ ಮಾಡಿ

ಲೆಕ್ಕಕ್ಕೆ ಒಂದು ಮಾದರಿ ಬೇರಿಂಗ್ ಇಟ್ಟುಕೊಳ್ಳೋಣ. ಜರ್ನಲ್ಲಿನ ವ್ಯಾಸ 70 ಮಿಲಿಮೀಟರ್, ಅಗಲ 30 ಮಿಲಿಮೀಟರ್, ಸುತ್ತಲೂ ಎಣ್ಣೆಗೆ ಬಿಟ್ಟ ಸಂದಿ 0.04 ಮಿಲಿಮೀಟರ್. ಎಂಜಿನ್ ವೇಗ ನಿಮಿಷಕ್ಕೆ 2,000 ಸುತ್ತು. ನಿಮ್ಮ ಟ್ರ್ಯಾಕ್ಟರಿನ ಸರಿಯಾದ ಅಳತೆಗಳು ಅದರ ಮ್ಯಾನುಯಲ್ಲಿನಲ್ಲಿ ಇರುತ್ತವೆ. ಇವು ಆ ಜಾತಿಯವೇ.

ಸಂದಿ ತ್ರಿಜ್ಯದ ಎಂಟುನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ತೆಳುವಾದ ಪದರಕ್ಕೆ ಜರ್ನಲ್ಲಿನ ಬಾಗು ಕಾಣುವುದೇ ಇಲ್ಲ. ಹಾಗಾಗಿ ಅದನ್ನು ಕತ್ತರಿಸಿ ಬಿಡಿಸಿದಂತೆ ಎರಡು ಚಪ್ಪಟೆ ತಗಡು ಎಂದುಕೊಳ್ಳಬಹುದು: ಕೆಳಗಿನದು ಚಿಪ್ಪು, ನಿಂತಿದೆ, ಮೇಲಿನದು ಜರ್ನಲ್, ಸೆಕೆಂಡಿಗೆ 7.33 ಮೀಟರ್ ವೇಗದಲ್ಲಿ ಸರಿಯುತ್ತಿದೆ. ಚಿಪ್ಪಿಗೆ ಅಂಟಿದ ಎಣ್ಣೆ ಕದಲುವುದಿಲ್ಲ, ಜರ್ನಲ್ಲಿಗೆ ಅಂಟಿದ್ದು ಅದರ ವೇಗದಲ್ಲೇ ಓಡುತ್ತದೆ. ನಡುವಿನ ಎಣ್ಣೆ, ಇಸ್ಪೀಟಿನ ಕಟ್ಟನ್ನು ಮೇಲಿನಿಂದ ತಳ್ಳಿದಾಗ ಎಲೆಗಳು ಜಾರುವಂತೆ, ಪದರಪದರವಾಗಿ ಜಾರುತ್ತದೆ. ಆ ಜಾರಾಟಕ್ಕೆ ಎಣ್ಣೆಯ ಸ್ನಿಗ್ಧತೆ ಒಡ್ಡುವ ತಡೆಯೇ ಬಿಸಿಯಾಗುತ್ತದೆ.

ತಡೆ ಎಷ್ಟು? ಸ್ನಿಗ್ಧತೆ μ, ವೇಗ V, ಸಂದಿ h ಆದರೆ ಪ್ರತಿ ಚದರ ಮೀಟರಿಗೆ ಎಳೆತ

τ = μV/h

15W-40 ಎಂಜಿನ್ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದಾಗ μ ಸುಮಾರು 0.012 ಪಾಸ್ಕಲ್-ಸೆಕೆಂಡ್. ಹಾಗಾದರೆ τ ಸುಮಾರು 2,200 ಪಾಸ್ಕಲ್. ಜರ್ನಲ್ಲಿನ ಮೈ 0.0066 ಚದರ ಮೀಟರ್, ಆದ್ದರಿಂದ ಒಟ್ಟು ಎಳೆತ 14.5 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ 106 ವಾಟ್. ಒಂದೊಂದು ಬೇರಿಂಗಿನ ಸಂದಿಯಲ್ಲೂ ಹಳೆಯ ನೂರು ವಾಟಿನ ಬಲ್ಬ್ ಉರಿದಷ್ಟು ಶಾಖ.

ಸಂದಿಯೇ ಮಾಯವಾಗುವ ಸೂತ್ರ

ಈ ಶಾಖ ಎಣ್ಣೆಯ ಪದರವನ್ನು ಒಳಗೆ ಎಷ್ಟು ಕಾಯಿಸುತ್ತದೆ? ಎರಡೂ ಲೋಹದ ಮೈಗಳು ಒಂದೇ ಉಷ್ಣತೆಯಲ್ಲಿವೆ, ಹುಟ್ಟಿದ ಶಾಖ ಎರಡೂ ಕಡೆಗೆ ಸಮನಾಗಿ ಹರಿದುಹೋಗುತ್ತದೆ ಎನ್ನೋಣ. ಆಗ ಅತಿ ಹೆಚ್ಚು ಬಿಸಿ ಪದರದ ನಟ್ಟನಡುವೆ. ಎಣ್ಣೆಯ ಪ್ರತಿ ಘನ ಮೀಟರಿನಲ್ಲಿ ಹುಟ್ಟುವ ಶಾಖ μV²/h². ನಡುಮಧ್ಯದಲ್ಲಿ ಶಾಖದ ಹರಿವು ಸೊನ್ನೆ. ಅಲ್ಲಿಂದ ಗೋಡೆಯ ಕಡೆ ಹೋದಂತೆ ದಾರಿಯಲ್ಲಿ ಹುಟ್ಟಿದ್ದೆಲ್ಲ ಸೇರುತ್ತ ಹೆಚ್ಚುತ್ತದೆ. ಇದನ್ನು ಅರ್ಧ ದಪ್ಪದಷ್ಟು ದೂರಕ್ಕೆ ಕೂಡಿಸಿ, ಎಣ್ಣೆಯ ಉಷ್ಣವಾಹಕತೆ kಯಿಂದ ಭಾಗಿಸಿದರೆ ಸಿಗುವುದು

ΔT = μV²/8k

ಸೂತ್ರದಲ್ಲಿ h ಇಲ್ಲ! ಸಂದಿ ಅರ್ಧವಾದರೆ ಪ್ರತಿ ಘನ ಮೀಟರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಆದರೆ ಪದರ ತೆಳುವಾದ್ದರಿಂದ ಅದು ಹೊರಬೀಳುವುದೂ ಅಷ್ಟೇ ಸುಲಭವಾಗುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ.

ಎಣ್ಣೆಯ k ಸುಮಾರು 0.14. ಅಂಕಿ ಹಾಕಿದರೆ ಏರಿಕೆ 0.6 ಡಿಗ್ರಿಗಿಂತ ತುಸು ಕಡಿಮೆ. ಒಂದು ಕಡೆಯ ಲೋಹ ಶಾಖವನ್ನು ಒಯ್ಯುವುದೇ ಇಲ್ಲ, ಎಲ್ಲವೂ ಇನ್ನೊಂದು ಕಡೆಯಿಂದಲೇ ಹೋಗಬೇಕು ಎಂದರೂ ಭಾಜಕ 8ರ ಬದಲು 2 ಆಗಿ ಏರಿಕೆ 2.3 ಡಿಗ್ರಿ. ಬೆಳಗಿನ ಚಳಿಯಲ್ಲಿ ಎಣ್ಣೆ ಇನ್ನೂ 40 ಡಿಗ್ರಿಯಲ್ಲಿದ್ದು μ 0.09ರಷ್ಟಿರುವಾಗಲೇ ಪೂರ್ತಿ ವೇಗ ಕೊಟ್ಟರೆ, ಹುಟ್ಟುವ ಶಾಖ ಸುಮಾರು 800 ವಾಟ್, ನಡುವಿನ ಏರಿಕೆ ನಾಲ್ಕು ಡಿಗ್ರಿ ಚಿಲ್ಲರೆ. ಎಣ್ಣೆ ಕಾದಂತೆ ತೆಳ್ಳಗಾಗುವುದರಿಂದ ಈ ಕೊನೆಯ ಅಂಕಿ ತುಸು ಹೆಚ್ಚೇ. ಸೂತ್ರ ಮಾತ್ರ μ ಬದಲಾಗುವುದಿಲ್ಲ ಎಂದೇ ನಂಬಿಕೊಂಡಿದೆ.

ಇಷ್ಟೇ ಓದಿದರೆ ಬೇರಿಂಗಿಗೆ ಅಪಾಯವೇ ಇಲ್ಲ, ಸಂದಿ ಎಷ್ಟಿದ್ದರೂ ನಡೆಯುತ್ತದೆ ಎನ್ನಿಸಬಹುದು. ಗ್ಯಾರೇಜಿನಲ್ಲಿ ಮೆಟಲ್ ಬದಲಿಸುವಾಗ ಟ್ರ್ಯಾಕ್ಟರಿನ ಮಾಲೀಕರು ‘ಸ್ವಲ್ಪ ಟೈಟಾಗೇ ಕೂರ್ಸಣ್ಣ, ಇನ್ನೊಂದು ಸುಗ್ಗಿ ಹೆಚ್ಚಿಗೆ ಬರ್ಲಿ’ ಎನ್ನುವುದುಂಟು. ಆ ಮಾತಿಗೆ ಈ ಸೂತ್ರ ಹೂಂಗುಟ್ಟಿದಂತೆಯೇ ಕಾಣುತ್ತದೆ.

ಆ 106 ವಾಟ್ ಎಲ್ಲಿಗೆ ಹೋಗುತ್ತದೆ?

ತಗಡಿನ ಲೆಕ್ಕ ಹೇಳಿದ್ದು ಗೋಡೆಗಿಂತ ನಡುಮಧ್ಯ ಎಷ್ಟು ಬಿಸಿ ಎಂಬುದನ್ನು ಮಾತ್ರ. ಗೋಡೆಯೇ ಎಷ್ಟು ಬಿಸಿ ಎಂಬುದನ್ನು ಅದು ಮೊದಲೇ ತಿಳಿದಿದೆ ಎಂದು ಹಿಡಿದುಬಿಟ್ಟಿತ್ತು. ನಿಜವಾದ ಎಂಜಿನ್ನಿನಲ್ಲಿ ಶಾಖದ ಬಹುಪಾಲನ್ನು ಹೊತ್ತೊಯ್ಯುವುದು ಬೇರಿಂಗಿನ ಮೂಲಕ ಹರಿಯುವ ಎಣ್ಣೆಯೇ. ಪಂಪು ತಳ್ಳಿದ ಎಣ್ಣೆ ಚಿಪ್ಪಿನ ತೂತಿನಿಂದ ಒಳಬಂದು, ಸಂದಿಯಲ್ಲಿ ಹರಡಿ, ಎರಡೂ ಅಂಚುಗಳಿಂದ ಸೋರಿ ಸಂಪಿಗೆ ಬೀಳುತ್ತದೆ. ಬೀಳುವಾಗ ಬಿಸಿಯನ್ನೂ ಜೊತೆಗೆ ಒಯ್ಯುತ್ತದೆ.

ನಿಮಿಷಕ್ಕೆ ಒಂದು ಲೀಟರ್ ಹರಿಯುತ್ತದೆ ಎನ್ನೋಣ. ಅಂದರೆ ಸೆಕೆಂಡಿಗೆ ಸುಮಾರು 14 ಗ್ರಾಂ. ಒಂದು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 2,200 ಜೂಲ್ ಬೇಕು. 106 ವಾಟನ್ನೂ ಎಣ್ಣೆಯೇ ಹೊತ್ತರೆ ಅದು ಬಂದದ್ದಕ್ಕಿಂತ ಮೂರೂವರೆ ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆ. ಚಿಂತೆಯಿಲ್ಲ.

ಈಗ ಸಂದಿಯನ್ನು 0.04ರಿಂದ 0.02 ಮಿಲಿಮೀಟರಿಗೆ ಇಳಿಸಿ. τ = μV/h ಪ್ರಕಾರ ಎಳೆತ ಎರಡು ಪಟ್ಟು, ಶಾಖವೂ ಎರಡು ಪಟ್ಟು, 212 ವಾಟ್. ಆದರೆ ಕಿರಿದಾದ ಸಂದಿಯಲ್ಲಿ ಎಣ್ಣೆಯ ಹರಿವು ಸಂದಿಯ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಸಂದಿ ಅರ್ಧವಾದರೆ ಹರಿವು ಎಂಟನೇ ಒಂದು ಭಾಗ. ಎರಡು ಪಟ್ಟು ಶಾಖವನ್ನು ಎಂಟನೇ ಒಂದು ಭಾಗ ಎಣ್ಣೆ ಹೊರಬೇಕು. ಏರಿಕೆ ಹದಿನಾರು ಪಟ್ಟು: ಮೂರೂವರೆ ಡಿಗ್ರಿ ಇದ್ದದ್ದು 56 ಡಿಗ್ರಿ. ಕಾದ ಎಣ್ಣೆ ತೆಳ್ಳಗಾಗಿ ತಡೆ ಕಡಿಮೆ ಮಾಡುತ್ತದೆ, ಹೆಚ್ಚು ಹರಿಯುತ್ತದೆ, ಲೋಹವೂ ಸ್ವಲ್ಪ ಶಾಖ ಎಳೆದುಕೊಳ್ಳುತ್ತದೆ. ಹಾಗಾಗಿ ನಿಜವಾದ ಏರಿಕೆ 56ನ್ನು ಮುಟ್ಟುವುದಿಲ್ಲ. ಆದರೆ ದಿಕ್ಕು ಇದೇ. ಪದರದ ಒಳಗಿನ ಏರಿಕೆಯಲ್ಲಿ ಹೆಸರೇ ಇಲ್ಲದ h, ಒಟ್ಟು ಏರಿಕೆಯಲ್ಲಿ ನಾಲ್ಕನೇ ಘಾತವಾಗಿ ಬಂದು ಕೂರುತ್ತದೆ.

ಇದೇ ತರ್ಕ ದಪ್ಪ ಎಣ್ಣೆಗೂ ಅನ್ವಯಿಸುತ್ತದೆ. ಸ್ನಿಗ್ಧತೆ ಎರಡು ಪಟ್ಟಾದರೆ ಶಾಖ ಎರಡು ಪಟ್ಟು, ಹರಿವು ಅರ್ಧ, ಏರಿಕೆ ನಾಲ್ಕು ಪಟ್ಟು. ಹೊಸದಾಗಿ ಮೆಟಲ್ ಕೂರಿಸಿದ ಬಿಗಿಯಾದ ಎಂಜಿನ್ನಿಗೆ ಮ್ಯಾನುಯಲ್ ಹೇಳಿದ್ದಕ್ಕಿಂತ ದಪ್ಪ ಎಣ್ಣೆ ಸುರಿಯುವುದು ಬಿಗಿಯ ಮೇಲೆ ಬಿಗಿ.

ಬಿಸಿ ನೇರವಾಗಿ ಕೊಲ್ಲುವುದಿಲ್ಲ

ಎಣ್ಣೆ ಬಿಸಿಯಾದರೆ ಲೋಹ ತಕ್ಷಣ ಕರಗುವುದಿಲ್ಲ. ಎಣ್ಣೆ ತೆಳ್ಳಗಾಗುತ್ತದೆ, ತೆಳ್ಳಗಾದ ಎಣ್ಣೆ ಹೊರೆಯನ್ನು ಎತ್ತಿ ಹಿಡಿಯಲಾರದು. ನಮ್ಮ ತಗಡಿನ ಚಿತ್ರದಲ್ಲಿ ಸಂದಿ ಎಲ್ಲೆಡೆ ಒಂದೇ ಸಮ. ನಿಜವಾಗಿ ಹೊರೆ ಬಿದ್ದ ಜರ್ನಲ್ ಒಂದು ಪಕ್ಕಕ್ಕೆ ವಾಲುತ್ತದೆ. ಸಂದಿಯ ಐದರಲ್ಲಿ ನಾಲ್ಕು ಭಾಗ ವಾಲಿದರೆ ಆ ಬದಿಯಲ್ಲಿ ಉಳಿಯುವುದು 0.008 ಮಿಲಿಮೀಟರ್. ಜಾರಾಟದ ಘರ್ಷಣೆಯೂ ಸಮಸಂದಿಯ ಲೆಕ್ಕದ ಸುಮಾರು 1.67 ಪಟ್ಟಾಗುತ್ತದೆ. ಎಣ್ಣೆ ಮತ್ತಷ್ಟು ತೆಳ್ಳಗಾದರೆ ಈ ಉಳಿದ ಪದರವೂ ಹರಿದು ಮೆಟಲ್ ಉಕ್ಕಿಗೆ ತಾಗುತ್ತದೆ. ಅಲ್ಲಿಂದ ಮುಂದೆ ಹುಟ್ಟುವುದು ಎಣ್ಣೆಯ ಬಿಸಿಯಲ್ಲ, ಒಣ ಉಜ್ಜಾಟದ ಬಿಸಿ. ಅದಕ್ಕೆ μV²/8k ಎಂಬ ಮಿತಿ ಇಲ್ಲ.

ರವದಿ ಮೆತ್ತಿದ ರೇಡಿಯೇಟರ್ ಅಪಾಯಕಾರಿಯಾಗುವುದು ಇದೇ ದಾರಿಯಲ್ಲಿ. ಅದು ಸಂದಿಯೊಳಗೆ ಹೆಚ್ಚು ಶಾಖ ಹುಟ್ಟಿಸುವುದಿಲ್ಲ, ಬೇರಿಂಗಿಗೆ ಬರುವ ಎಣ್ಣೆಯನ್ನೇ ಮೊದಲಿನಿಂದ ಬಿಸಿಯಾಗಿ ಕಳಿಸುತ್ತದೆ. ಕಣದಲ್ಲಿ ಗಂಟೆಗೊಮ್ಮೆ ಎಂಜಿನ್ ನಿಲ್ಲಿಸಿ ಜಾಲರಿ ಒರೆಸುವುದರಿಂದ ಬೇರಿಂಗಿಗೆ ಸಿಗುವ ಲಾಭ ಇಲ್ಲಿದೆ.

ಬಿಚ್ಚಿದ ಎಂಜಿನ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಜರ್ನಲ್ಲಿನ ಉಕ್ಕು ನೀಲಿಗಟ್ಟಿದ್ದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿತ್ತೆಂದು ಅರ್ಥ. ಚಿಪ್ಪಿನ ಮೆದು ಲೇಪ ಒಂದೇ ಕಡೆ ಸವರಿದಂತೆ ಹರಡಿದ್ದರೆ ಪದರ ಹರಿದು ಲೋಹ ತಾಗಿದೆ. ಆದರೆ ಅದಕ್ಕೂ ಮೊದಲು ಎರಡು ಸುಳಿವು ಸಿಗುತ್ತವೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಧಾನ ವೇಗದಲ್ಲಿ ಆಯಿಲ್ ಪ್ರೆಶರ್ ಮುಳ್ಳು ದಿನದಿಂದ ದಿನಕ್ಕೆ ಕೆಳಗಿಳಿಯುವುದು ಸವೆದು ಹಿಗ್ಗಿದ ಸಂದಿಯ ಗುರುತು. ಬದಲಿಸುವಾಗ ಹೊರಸುರಿದ ಎಣ್ಣೆಯಲ್ಲಿ ಹೊಳೆಯುವ ಚೂರುಗಳು ಕಂಡರೆ ಮೆಟಲ್ ಆಗಲೇ ಸವೆಯತೊಡಗಿದೆ.

ಹಾಗಾದರೆ ಬಿಗಿ ಎಷ್ಟಿರಬೇಕು ಎಂಬುದನ್ನು ಕೈಯ ಅಂದಾಜಿಗೆ ಬಿಡುವಂತಿಲ್ಲ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಚಿಪ್ಪು ಹಾಕಿಸಿದಾಗ, ಜರ್ನಲ್ಲಿನ ಮೇಲೆ ಪ್ಲಾಸ್ಟಿಗೇಜ್ ಎಳೆಯೊಂದನ್ನು ಇಟ್ಟು, ಕ್ಯಾಪಿನ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಹೇಳಿದಷ್ಟೇ ಬಿಗಿದು, ಶಾಫ್ಟನ್ನು ತಿರುಗಿಸದೆ ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅದರ ಪಟ್ಟಿಗೆ ಹಿಡಿದರೆ ಸಂದಿ ಎಷ್ಟೆಂದು ಗೊತ್ತಾಗುತ್ತದೆ. ಮ್ಯಾನುಯಲ್ ಹೇಳಿದ ಮಿತಿಯೊಳಗೆ ಅದು ಬೀಳಬೇಕು. ಮಿತಿಗಿಂತ ಸಡಿಲವಾದರೆ ಎಣ್ಣೆ ಸೋರಿ ಒತ್ತಡ ಬೀಳುತ್ತದೆ, ಕಟಕಟ ಸದ್ದು ಬರುತ್ತದೆ, ಮಾಲೀಕನಿಗೆ ತಿಳಿಯುತ್ತದೆ. ಮಿತಿಗಿಂತ ಬಿಗಿಯಾದರೆ ಸದ್ದಿಲ್ಲ, ಮುಳ್ಳು ಮೇಲೇ ಇರುತ್ತದೆ, ಎಲ್ಲ ಸರಿಯಿದೆ ಎನ್ನಿಸುತ್ತದೆ. ನಾಲ್ಕನೇ ಘಾತದ ಲೆಕ್ಕ ಹೆಚ್ಚು ಕಾಡುವುದು ಈ ಎರಡನೆಯ ಎಂಜಿನ್ನನ್ನೇ.