ಪೆನ್ಸಿಲಿನಲ್ಲಿ ಬರೆದ ಎರಡು ತಾರೀಖು

ಧಾರವಾಡದ ಹಿರಿಯ ವಕೀಲರೊಬ್ಬರ ಬಳಿ ನಾಲ್ಕು ವರ್ಷ ಜೂನಿಯರ್ ಆಗಿದ್ದ ಯುವತಿಯೊಬ್ಬಳು ಬೆಂಗಳೂರಿಗೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ಸಾಮಾನು ಕಟ್ಟಿಯಾಗಿದೆ. ಸೀನಿಯರ್‌ಗೆ ವಾಟ್ಸಾಪ್‌ನಲ್ಲಿ ಎರಡು ಮಾತು ಬರೆಯಬೇಕು. ಮೊದಲು ಬರುವ ಸಾಲು: ‘ತಾವು ನನ್ನ ಬಾಳಿನ ದಾರಿದೀಪ.’

ಸನ್ಮಾನಪತ್ರದ ಈ ಸಾಲನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಕಕ್ಷಿದಾರರ ಹೊಗಳಿಕೆ ದಿನವೂ ಕೇಳುವ ಸೀನಿಯರ್ ಅದಕ್ಕೊಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ.

ಹಾಗಾದರೆ ಅವಳು ಕಲಿತದ್ದೇನು? ನೆನಪಿಗೆ ಬರುವುದು ಒಂದು ತಪ್ಪು. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ ಅವಕಾಶ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಆ ಲೆಕ್ಕದಿಂದ ಬಿಡಬಹುದು. ಆದರೆ ನಕಲು ಸಿದ್ಧವಾದ ದಿನಕ್ಕೆ ಆ ರಿಯಾಯಿತಿ ಮುಗಿಯುತ್ತದೆ, ನಾವು ಹೋಗಿ ತಂದ ದಿನಕ್ಕಲ್ಲ. ಅವಳು ತಂದ ದಿನ ಹಿಡಿದಿದ್ದಳು. ಮೇಲ್ಮನವಿ ನಾಲ್ಕು ದಿನ ತಡವಾಗಿ, ವಿಳಂಬ ಮನ್ನಿಸಿ ಎಂದು ಬೇರೆ ಅರ್ಜಿ ಹಾಕಬೇಕಾಯಿತು. ಸೀನಿಯರ್ ಬೈಯಲಿಲ್ಲ. ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎರಡು ತಾರೀಖು ಬರೆದರು: ನಕಲಿಗೆ ಅರ್ಜಿ ಕೊಟ್ಟದ್ದು, ನಕಲು ಸಿದ್ಧವಾದದ್ದು.

ಅಲ್ಲಿಂದ ಸಂದೇಶ ಬದಲಾಗುತ್ತದೆ:

‘ಸರ್, ಭಾನುವಾರ ಬೆಂಗಳೂರಿಗೆ ಹೊರಡುತ್ತಿದ್ದೇನೆ. ನಾಲ್ಕು ದಿನ ತಡವಾದ ಆ ಮೇಲ್ಮನವಿ ನಿಮಗೆ ನೆನಪಿರಬಹುದು. ಅಂದಿನಿಂದ ಪ್ರತಿ ಫೈಲಿನ ರಟ್ಟಿನ ಮೇಲೂ ಎರಡು ತಾರೀಖು ಬರೆಯುತ್ತೇನೆ, ಮತ್ತೆ ತಪ್ಪಿಲ್ಲ. ರಾಜಿಗೆ ಬೇಗ ಒಪ್ಪಿಸುವ ನಿಮ್ಮ ರೀತಿ ನನಗೆ ಈಗಲೂ ಪೂರ್ತಿ ಒಗ್ಗಿಲ್ಲ. ಅದರ ಬಗ್ಗೆ ವಾದ ಮಾಡಲು ಬಿಟ್ಟಿರಲ್ಲ, ಅದಕ್ಕೂ ಋಣಿ. ದೀಪಾವಳಿಗೆ ಬಂದಾಗ ಆಫೀಸಿಗೆ ಬರುತ್ತೇನೆ.’

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಪಾಠ ಇದೆ, ಅದು ಇಂದಿಗೂ ಬಳಕೆಯಲ್ಲಿದೆ ಎಂಬ ಸಾಕ್ಷಿ ಇದೆ. ರಾಜಿಯ ಸಾಲು ಮಾತ್ರ ಎಲ್ಲರಿಗೂ ಹೊಂದುವುದಿಲ್ಲ. ಎದುರಿಗೆ ಹೇಳಿ ಜಗಳವಿಲ್ಲದೆ ಮುಗಿದ ಭಿನ್ನಮತವಾದರೆ ಬರೆಯಬಹುದು. ನಾಲ್ಕು ವರ್ಷ ನುಂಗಿಕೊಂಡದ್ದನ್ನು ಹೊರಡುವ ದಿನ ಕಕ್ಕಿದರೆ ಅದು ಬೀಳ್ಕೊಡುಗೆಯಲ್ಲ, ತಕರಾರು ಅರ್ಜಿ.

1957ರಲ್ಲಿ ನೊಬೆಲ್ ಬಂದಾಗ ಆಲ್ಬೇರ್ ಕಮೂ ಅಲ್ಜೀರ್ಸ್‌ನಲ್ಲಿ ತನಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ್ದ ಲೂಯಿ ಜರ್ಮೇನ್ ಅವರಿಗೆ ಪತ್ರ ಬರೆದರು. ಗದ್ದಲ ತುಸು ಅಡಗಲೆಂದು ಕಾದು ಬರೆದ, ತೀರಾ ಚಿಕ್ಕ ಪತ್ರ. ಬಡ ಮನೆಯ ಹುಡುಗನಿಗೆ ಮೇಷ್ಟ್ರು ಕೈ ನೀಡಿದ್ದನ್ನು ನೆನೆದು, ಅವರ ಪಾಠ ಮತ್ತು ಮಾದರಿ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದಷ್ಟೇ ಹೇಳಿದರು.

ಸಂದೇಶವನ್ನು ಆಫೀಸಿನ ಗುಂಪಿಗೆ ಹಾಕದೆ ಸೀನಿಯರ್‌ಗೊಬ್ಬರಿಗೇ ಕಳಿಸಿ, ಅದೂ ರೈಲು ಹತ್ತುವ ಎರಡು ದಿನ ಮೊದಲು. ಬಾಕಿ ಫೈಲುಗಳ ಪಟ್ಟಿ, ಮುಂದಿನ ತಾರೀಖುಗಳ ಸಮೇತ, ಬೇರೆ ಹಾಳೆಯಲ್ಲಿ ಅವರ ಮೇಜಿನ ಮೇಲಿರಲಿ.